ವ್ಯಾಪಾರ ಇಳಿದದ್ದು ಶೇ. 12, ಲಾಭ ಹೋದದ್ದು ಹತ್ತಿರ ಹತ್ತಿರ ಅರ್ಧ. ಗಾಣದ ಲೆಕ್ಕ ಯಾರಾದರೂ ನೋಡಿ ಹೇಳ್ತೀರಾ?

ಗಾಣದಮನೆ_ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹತ್ತಿರ ನನ್ನದೊಂದು ಮರದ ಗಾಣದ ಅಂಗಡಿ ಇದೆ. ಮಾಡೋದು ಕಡಲೆಕಾಯಿ ಎಣ್ಣೆ ಮಾತ್ರ. ಎರಡು ಗಾಣ, ಇಬ್ಬರು ಕೆಲಸದವರು, ನಾನು ಮತ್ತು ನನ್ನ ಹೆಂಡತಿ. ಮಾರ್ಚ್‌ನಲ್ಲಿ 1000 ಲೀಟರ್ ಮಾರಿದ್ದೆ, ಎಲ್ಲಾ ಖರ್ಚು ಕಳೆದು 30,000 ಉಳಿಯಿತು. ಮೇ ತಿಂಗಳಲ್ಲಿ 880 ಲೀಟರ್ ಹೋಯಿತು. ಅಂದರೆ ಶೇ. 12 ಕಮ್ಮಿ. ಲಾಭವೂ ಅಷ್ಟೇ ಇಳಿದು 26,000 ಚಿಲ್ಲರೆ ಉಳಿಯಬೇಕಿತ್ತು ಅಲ್ವಾ? ಉಳಿದದ್ದು 15,600.

ಮೂರು ಸಲ ಕೂಡಿ ಕಳೆದು ನೋಡಿದೆ, ಲೆಕ್ಕ ತಪ್ಪಿಲ್ಲ. ಹಾಗಾದರೆ ಹತ್ತು ಸಾವಿರ ಎಲ್ಲಿ ಹೋಯಿತು? ಹೇಳೋಕೆ ಬೇಜಾರು, ಆದರೂ ಹೇಳ್ತೀನಿ: ಗಾಣದ ಹತ್ತಿರ ಇರುವ ಹುಡುಗನ ಮೇಲೆ ಅನುಮಾನ ಬಂದಿದೆ. ಅವನು ನನ್ನ ಜೊತೆ ಮೂರು ವರ್ಷದಿಂದ ಇದ್ದಾನೆ. ಅವನನ್ನು ಕೇಳುವ ಮುಂಚೆ ಇಲ್ಲಿ ಕೇಳೋಣ ಅನ್ನಿಸಿತು.

ಸಂತೆ_ವ್ಯಾಪಾರಿ

ಅಣ್ಣಾ, ಅನುಮಾನ ಪಡೋದು ಬಿಡಿ. ವ್ಯಾಪಾರ ಇಳಿದಾಗ ಲಾಭ ಅದಕ್ಕಿಂತ ಜಾಸ್ತಿ ಇಳಿಯುತ್ತೆ, ಎಲ್ಲಾ ಕಡೆ ಹೀಗೇ. ಬಾಡಿಗೆ, ಸಂಬಳ ಇಳಿಯಲ್ಲ ನೋಡಿ. ಪರಿಹಾರ ಸುಲಭ. ಲೀಟರಿಗೆ 20 ರೂಪಾಯಿ ಇಳಿಸಿ, ಜನ ತಾನಾಗೇ ಬರ್ತಾರೆ. ವ್ಯಾಪಾರ ಮೇಲೆ ಹೋದಾಗ ಲಾಭವೂ ಅಷ್ಟೇ ಜೋರಾಗಿ ಮೇಲೆ ಹೋಗುತ್ತೆ.

ಲೆಕ್ಕದ_ಮೇಷ್ಟ್ರು

ಬೆಲೆ ಇಳಿಸೋ ಮಾತು ಆಮೇಲೆ ನೋಡೋಣ, ಅದರಲ್ಲಿ ಒಂದು ಗುಂಡಿ ಇದೆ. ಗಾಣದಮನೆಯವರೇ, ನಾನು ಬಹಳ ವರ್ಷ ಕಾರ್ಖಾನೆಗಳಲ್ಲಿ ಕಾಸ್ಟಿಂಗ್ ನೋಡಿದವನು. ಎರಡು ವಿಷಯ ಬೇಕು. ಒಂದು ಲೀಟರ್ ಎಣ್ಣೆಗೆ ಏನೇನು ಹೋಗುತ್ತೆ? ಒಂದು ಲೀಟರೂ ಮಾರದಿದ್ದರೂ ತಿಂಗಳಿಗೆ ಏನೇನು ಕೊಡಲೇಬೇಕು? ಇವೆರಡನ್ನೂ ಬೇರೆ ಬೇರೆ ಬರೆಯಿರಿ, ಒಂದೇ ಪಟ್ಟಿಯಲ್ಲಿ ಬೇಡ.

ಗಾಣದಮನೆ_ತುಮಕೂರು

ಮೇಷ್ಟ್ರೇ, ಬರೆದೆ ನೋಡಿ. ಮಾರೋದು ಲೀಟರಿಗೆ 400. ಒಂದು ಲೀಟರಿಗೆ ಬೀಜ 2.4 ಕೆಜಿ ಬೇಕು, ಕೆಜಿಗೆ 125ರಂತೆ 300 ರೂಪಾಯಿ. ಹಿಂಡಿ 1.4 ಕೆಜಿ ಸಿಗುತ್ತೆ, ಹಸು ಸಾಕಿದವರು 40ರಂತೆ ಒಯ್ಯುತ್ತಾರೆ, ಅಂದರೆ 56 ವಾಪಸ್. ಬಾಟಲಿ, ಮುಚ್ಚಳ, ಲೇಬಲ್ 16. ಗಾಣ ಓಡುವ ಕರೆಂಟು, ಸೋಸುವ ಬಟ್ಟೆ 10. ಮನೆ ಮನೆಗೆ ತಲುಪಿಸೋದು 10. ಒಟ್ಟು 280.

ತಿಂಗಳಿಗೆ ಕೊಡಲೇಬೇಕಾದದ್ದು: ಬಾಡಿಗೆ 30,000, ಇಬ್ಬರ ಸಂಬಳ 36,000, ಕರೆಂಟಿನ ಫಿಕ್ಸೆಡ್ ಚಾರ್ಜು ಮತ್ತು ಅಂಗಡಿ ದೀಪ 4,000, ರಿಪೇರಿ 6,000, ಫೋನು, ಲೆಕ್ಕ ಬರೆಯುವವರು ಇತ್ಯಾದಿ 6,000. ಗಾಣ ಮತ್ತು ಫಿಲ್ಟರ್ ಸೇರಿ ಸುಮಾರು ಏಳೂಮುಕ್ಕಾಲು ಲಕ್ಷ ಆಯಿತು, 8 ವರ್ಷ ಬಾಳುತ್ತೆ ಅಂತ ತಿಂಗಳಿಗೆ 8,000 ಸವಕಳಿ ಹಾಕಿದ್ದೀನಿ. ಒಟ್ಟು 90,000.

ಲೆಕ್ಕದ_ಮೇಷ್ಟ್ರು

ಚೆನ್ನಾಗಿ ಬರೆದಿದ್ದೀರಿ. ಕರೆಂಟ್ ಬಿಲ್ಲನ್ನು ಎರಡು ಭಾಗ ಮಾಡಿದ್ದು ಸರಿ. ತುಂಬಾ ಜನ ಇಡೀ ಬಿಲ್ಲನ್ನು ಒಂದೇ ಕಡೆ ಹಾಕಿ ಎಡವುತ್ತಾರೆ. ಫಿಕ್ಸೆಡ್ ಚಾರ್ಜು ಮೋಟರಿನ ಎಚ್‌ಪಿ ಲೆಕ್ಕದಲ್ಲಿ ಬರುತ್ತೆ, ಗಾಣ ತಿರುಗಲಿ ಬಿಡಲಿ.

ಈಗ ನಿಮ್ಮ ಹತ್ತು ಸಾವಿರ ಹುಡುಕೋಣ. ಒಂದು ಲೀಟರ್ ಮಾರಿದರೆ ಕೈಗೆ ಉಳಿಯೋದು 120. ಅದು ಲಾಭ ಅಲ್ಲ, ಮೊದಲು ಆ 90,000 ತುಂಬಬೇಕು. ಭಾಗಿಸಿದರೆ 750 ಲೀಟರ್. ಅಲ್ಲಿವರೆಗೆ ನೀವು ಮನೆಯ ಮಾಲೀಕರಿಗೆ, ಕೆಲಸದವರಿಗೆ, ಗಾಣಕ್ಕೆ ದುಡಿಯುತ್ತಿದ್ದೀರಿ. 751ನೇ ಲೀಟರಿನಿಂದ ನಿಮಗೆ.

ಮಾರ್ಚ್‌ನಲ್ಲಿ 1000 ಲೀಟರ್ ಅಂದರೆ 750ರ ಮೇಲೆ 250 ಲೀಟರ್. ನಿಮ್ಮ ಪೂರ್ತಿ ಲಾಭ ಇರೋದು ಆ 250ರಲ್ಲಿ ಮಾತ್ರ, 250 ಗುಣಿಸು 120, ಮೂವತ್ತು ಸಾವಿರ. ಮೇ ತಿಂಗಳಲ್ಲಿ ಕಮ್ಮಿಯಾದ 120 ಲೀಟರ್ ಯಾವುದರಿಂದ ಹೋಯಿತು? ಕೆಳಗಿನ 750ರಿಂದ ಅಲ್ಲ, ಮೇಲಿನ 250ರಿಂದ. 250ರಲ್ಲಿ 120 ಅಂದರೆ ಶೇ. 48. ಲಾಭವೂ ಶೇ. 48 ಇಳಿಯಿತು. ಹತ್ತು ಸಾವಿರ ಎಲ್ಲೂ ಕಳೆದಿಲ್ಲ. ಹುಡುಗನನ್ನು ಏನೂ ಕೇಳಬೇಡಿ.

ಆ 250 ಲೀಟರೇ ನಿಮ್ಮ ಮಾರ್ಜಿನ್ ಆಫ್ ಸೇಫ್ಟಿ. ಒಟ್ಟು ಮಾರಾಟದ ಕಾಲು ಭಾಗ. ಕಾಲು ಭಾಗ ಇದ್ದರೆ ಪೆಟ್ಟು ನಾಲ್ಕು ಪಟ್ಟು. ಹನ್ನೆರಡರ ನಾಲ್ಕು ಪಟ್ಟು ನಲವತ್ತೆಂಟು. ಇದಕ್ಕೇ ಆಪರೇಟಿಂಗ್ ಲೆವರೇಜ್ ಅನ್ನೋದು. ಎರಡೂ ಬೇರೆ ಬೇರೆ ವಿಷಯ ಅಂತ ತಿಳಿಯಬೇಡಿ, ಒಂದನ್ನು ತಿರುಗಿಸಿದರೆ ಇನ್ನೊಂದು.

ಶೇರುಪೇಟೆ_ಮೈಸೂರು

ಸಾರ್, ಇಲ್ಲಿ ಏನೋ ತಪ್ಪಾಗಿದೆ. ಮಾರ್ಜಿನ್ ಆಫ್ ಸೇಫ್ಟಿ ಅಂದರೆ ಬೆಂಜಮಿನ್ ಗ್ರಹಾಂ ಹೇಳಿದ್ದಲ್ವಾ? ಶೇರಿನ ನಿಜವಾದ ಮೌಲ್ಯ 100 ಇದ್ದರೆ 65-70ಕ್ಕೆ ಸಿಕ್ಕಾಗ ಮಾತ್ರ ತಗೊಳ್ಳೋದು. ಗಾಣಕ್ಕೂ ಅದಕ್ಕೂ ಏನು ಸಂಬಂಧ? ಬೀಜ ಅಗ್ಗವಾಗಿದ್ದಾಗ ತಗೊಂಡು ಇಟ್ಕೊಳ್ಳಿ ಅಂತಾನಾ?

ಲೆಕ್ಕದ_ಮೇಷ್ಟ್ರು

ಹೆಸರು ಒಂದೇ, ಅಳತೆ ಬೇರೆ. ಗ್ರಹಾಂ ಅವರದು ಕೊಂಡ ಬೆಲೆಗೂ ಮೌಲ್ಯಕ್ಕೂ ನಡುವಿನ ಅಂತರ. ಇಲ್ಲಿನದು ಈಗಿನ ಮಾರಾಟಕ್ಕೂ ನಷ್ಟ ಶುರುವಾಗುವ ಜಾಗಕ್ಕೂ ನಡುವಿನ ಅಂತರ. ಆದರೆ ನೀವು ಶೇರು ನೋಡುವವರಾದರೆ ಇದು ನಿಮಗೂ ಬೇಕು. ವಿಮಾನ ಕಂಪನಿ, ಸಿಮೆಂಟು, ಹೋಟೆಲ್ ಇವುಗಳ ಲಾಭ ಒಂದು ವರ್ಷ ಉಕ್ಕಿ ಮುಂದಿನ ವರ್ಷ ನಷ್ಟಕ್ಕೆ ಬೀಳೋದರ ಹಿಂದೆ ಇದೇ ಲೆಕ್ಕ ಇದೆ. ಖಾಲಿ ಸೀಟಿಗೂ ಬಾಡಿಗೆ ಕಟ್ಟಿರುತ್ತಾರೆ.

ಗಾಣದಮನೆ_ತುಮಕೂರು

ಮೇಷ್ಟ್ರೇ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಆದರೂ ಮನಸ್ಸಿನ ಮೂಲೆಯಲ್ಲಿ ಅನುಮಾನ ಉಳಿಯಬಾರದು ಅಂತ ನಿನ್ನೆ ಒಂದು ಒಬ್ಬೆ ತೂಕ ಮಾಡಿ ಹಾಕಿದೆ. 15 ಕೆಜಿ ಬೀಜ ನಾನೇ ತಕ್ಕಡಿಗೆ ಇಟ್ಟೆ. ಎಣ್ಣೆಯನ್ನು ಡ್ರಮ್ಮಿನಲ್ಲಿ ತಿಳಿಯಾಗಲು ಬಿಟ್ಟು, ಗಸಿ ಕೆಳಗೆ ಕೂತ ಮೇಲೆ ಅಳೆದರೆ ಆರೂಕಾಲು ಲೀಟರ್ ಬಂತು. ಹಿಂಡಿ 8 ಕೆಜಿ 700 ಗ್ರಾಂ. ಮೇ ತಿಂಗಳ ಪುಸ್ತಕ ತೆಗೆದರೆ 880 ಲೀಟರಿಗೆ 2,130 ಕೆಜಿ ಬೀಜ ಬಳಕೆಯಾಗಿದೆ. 2.4ರ ಲೆಕ್ಕದಲ್ಲಿ 2,112 ಆಗಬೇಕು. ಹದಿನೆಂಟು ಕೆಜಿ ಹೆಚ್ಚು ಕಮ್ಮಿ ಜರಡಿಯಲ್ಲೇ ಹೋಗುತ್ತೆ. ಹುಡುಗ ಪಾಪ, ತಕ್ಕಡಿ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ. ಯಾಕೆ ಅಂತಲೂ ಕೇಳಲಿಲ್ಲ.

ಇನ್ನೊಂದು ಪ್ರಶ್ನೆ. ಎರಡು ವರ್ಷದ ಹಿಂದೆ ನನ್ನ ಹತ್ತಿರ ಗಾಣ ಇರಲಿಲ್ಲ. ಬೀಜ ಒಯ್ದು ಬೇರೆಯವರ ಗಾಣದಲ್ಲಿ ಕೂಲಿಗೆ ಆಡಿಸಿ ತರ್ತಿದ್ದೆ, ಕೆಜಿಗೆ 25 ರೂಪಾಯಿ. ಸಣ್ಣ ಅಂಗಡಿ, ಒಬ್ಬನೇ ಹುಡುಗ. ಆಗ ತಿಂಗಳ ಖರ್ಚು 40,000 ಅಷ್ಟೇ. ಆಗ ಇಷ್ಟು ಏರಿಳಿತ ಇದ್ದ ನೆನಪಿಲ್ಲ. ಗಾಣ ಹಾಕಿದ್ದು ತಪ್ಪಾಯಿತಾ?

ಲೆಕ್ಕದ_ಮೇಷ್ಟ್ರು

ಇದು ಒಳ್ಳೆಯ ಪ್ರಶ್ನೆ, ಇವತ್ತಿನ ಬೆಲೆಯಲ್ಲೇ ಹಾಕಿ ನೋಡೋಣ. ಕೂಲಿಗೆ ಆಡಿಸಿದರೆ ಲೀಟರಿಗೆ 60 ಹೆಚ್ಚು, ನಿಮ್ಮ ಕರೆಂಟಿನ 10 ಉಳಿಯಿತು. ಅಂದರೆ 280ರ ಬದಲು 330. ಲೀಟರಿಗೆ ಉಳಿಯೋದು 70 ಮಾತ್ರ. 1000 ಲೀಟರ್ ಮಾರಿದರೆ 70,000, ಅದರಲ್ಲಿ 40,000 ಕಳೆದರೆ 30,000.

ಗಮನಿಸಿದಿರಾ? ಅದೇ 30,000. ಸಾವಿರ ಲೀಟರಿನಲ್ಲಿ ಎರಡೂ ದಾರಿ ಒಂದೇ. ಆದರೆ ಅಲ್ಲಿಂದ ಅಲುಗಿದರೆ ಬೇರೆ ಬೇರೆ. 880ಕ್ಕೆ ಇಳಿದಿದ್ದರೆ ಹಳೆಯ ದಾರಿಯಲ್ಲಿ 21,600 ಉಳಿಯುತ್ತಿತ್ತು, ಈಗ 15,600. 1200ಕ್ಕೆ ಏರಿದ್ದರೆ ಹಳೆಯದರಲ್ಲಿ 44,000, ಸ್ವಂತ ಗಾಣದಲ್ಲಿ 54,000. ಹಳೆಯ ದಾರಿಯಲ್ಲಿ ನಷ್ಟ ಶುರುವಾಗೋದು 571 ಲೀಟರಿನ ಹತ್ತಿರ, ಈಗ 750.

ಹಾಗಾಗಿ ತಪ್ಪಾಯಿತಾ ಅನ್ನೋದಕ್ಕೆ ನನ್ನ ಉತ್ತರ: ನಿಮ್ಮ ವ್ಯಾಪಾರ ವರ್ಷದಲ್ಲಿ ಎಷ್ಟು ತಿಂಗಳು 1000ದ ಮೇಲೆ ಇರುತ್ತೆ, ಎಷ್ಟು ತಿಂಗಳು ಕೆಳಗೆ? ಹನ್ನೆರಡು ತಿಂಗಳ ಲೀಟರ್ ಬರೆದು ನೋಡಿ. ಒಂದು ಒಳ್ಳೆಯ ಮಾರ್ಚ್ ನೋಡಿ ಗಾಣ ಕೊಳ್ಳಬಾರದು, ಒಂದು ಕೆಟ್ಟ ಮೇ ನೋಡಿ ಮಾರಲೂಬಾರದು.

ಹೋಳಿಗೆ_ಅಕ್ಕ

ನಾನು ಮನೆಯಲ್ಲಿ ಹೋಳಿಗೆ ಮಾಡಿ ಮಾರುವವಳು. ಲೆವರೇಜ್ ಅನ್ನೋ ಪದ ಇವತ್ತೇ ಕೇಳಿದ್ದು, ಆದರೆ ವಿಷಯ ನನಗೆ ಗೊತ್ತು. ಯುಗಾದಿ, ಗೌರಿ ಹಬ್ಬ, ದೀಪಾವಳಿಗೆ ಮೂರು ನಾಲ್ಕು ಜನ ಹೆಂಗಸರು ಬರ್ತಾರೆ, ಹೋಳಿಗೆಗೆ ಇಷ್ಟು ಅಂತ ಕೂಲಿ ಕೊಡ್ತೀನಿ. ಒಬ್ಬರು ಬಂದು ಹೋಳಿಗೆ ಮಷೀನ್ ತಗೊಳ್ಳಿ, ಒಂದು ಹೋಳಿಗೆಗೆ ಎರಡು ರೂಪಾಯಿ ಉಳಿಯುತ್ತೆ ಅಂದರು. ಉಳಿಯುತ್ತೆ, ನಿಜ. ಆದರೆ ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನನಗೆ ಆರ್ಡರ್ರೇ ಇರಲ್ಲ. ಕಂತು ಮಾತ್ರ ಆಷಾಢ ಅಂತ ನಿಲ್ಲುತ್ತಾ? ಬೇಡ ಅಂದೆ.

ತಮ್ಮಾ, ನಿಮಗೆ ಒಂದು ಮಾತು ಕೇಳಬೇಕು. ಕೆಲಸದವರ ಸಂಬಳ ಬರೆದಿದ್ದೀರಿ. ನಿಮ್ಮ ಸಂಬಳ ಎಲ್ಲಿ? ನಿಮ್ಮ ಹೆಂಡತಿ ಕೌಂಟರಿನಲ್ಲಿ ಕೂರ್ತಾರಲ್ಲ, ಅವರದ್ದು ಎಲ್ಲಿ?

ಗಾಣದಮನೆ_ತುಮಕೂರು

ಅಕ್ಕಾ, ಅದು ಹಾಕಿಲ್ಲ. ಉಳಿದದ್ದೇ ನಮ್ಮದು ಅಂತ ಅಂದುಕೊಂಡಿದ್ವಿ.

ಸಂತೆ_ವ್ಯಾಪಾರಿ

ಇನ್ನೂ ಒಂದು ಬಿಟ್ಟಿದ್ದೀರಿ. ಗಾಣಕ್ಕೆ ಸಾಲ ಇದೆ ತಾನೆ? ಆ ಕಂತನ್ನೂ 90,000ಕ್ಕೆ ಸೇರಿಸಿ. ಆಗ ನಿಜ ಬಣ್ಣ ಗೊತ್ತಾಗುತ್ತೆ. ಮತ್ತೆ ಮೇಷ್ಟ್ರು ಹೇಳಿದ ನಾಲ್ಕು ಪಟ್ಟು ಬರೆದಿಟ್ಟುಕೊಳ್ಳಿ, ಮುಂದಿನ ತಿಂಗಳು ಶೇ. 10 ಇಳಿದರೆ ಲಾಭ ಶೇ. 40 ಇಳಿಯುತ್ತೆ, ಮೊದಲೇ ತಯಾರಾಗಿರಬಹುದು.

ಲೆಕ್ಕದ_ಮೇಷ್ಟ್ರು

ಎರಡಕ್ಕೂ ಉತ್ತರಿಸ್ತೀನಿ.

ಮೊದಲು ನಾಲ್ಕು ಪಟ್ಟು. ಅದು ಗಾಣಕ್ಕೆ ಅಂಟಿಸಿದ ಸಂಖ್ಯೆ ಅಲ್ಲ. 1000 ಲೀಟರಿನಲ್ಲಿ ನಿಂತಾಗ ನಾಲ್ಕು. ಈಗ ಅವರು 880ರಲ್ಲಿ ನಿಂತಿದ್ದಾರೆ. 750ಕ್ಕೆ ಉಳಿದಿರೋದು 130 ಲೀಟರ್, ಮಾರಾಟದ ಶೇ. 15ಕ್ಕೂ ಸ್ವಲ್ಪ ಕಮ್ಮಿ. ಇಲ್ಲಿಂದ ಶೇ. 10 ಇಳಿದರೆ ಲಾಭ ಶೇ. 40 ಅಲ್ಲ, ಶೇ. 68ರ ಹತ್ತಿರ ಹೋಗುತ್ತೆ. ಅಂಚಿಗೆ ಹತ್ತಿರವಾದಷ್ಟೂ ಪೆಟ್ಟು ದೊಡ್ಡದು. 750ರಲ್ಲೇ ನಿಂತರೆ ಲಾಭ ಸೊನ್ನೆ, ಆಗ ಪಟ್ಟು ಅನ್ನೋ ಮಾತಿಗೇ ಅರ್ಥವಿಲ್ಲ. ಅದಕ್ಕೇ ನಾನು ಯಾವಾಗಲೂ ಪಟ್ಟು ಕೇಳಲ್ಲ, ಇನ್ನು ಎಷ್ಟು ಲೀಟರ್ ಜಾಗ ಇದೆ ಅಂತ ಕೇಳ್ತೀನಿ.

ಇನ್ನು ಕಂತು. ಪೂರ್ತಿ ಕಂತು ಸೇರಿಸಿದರೆ ಗಾಣದ ಬೆಲೆಯನ್ನು ಎರಡು ಸಲ ಲೆಕ್ಕ ಹಾಕಿದ ಹಾಗೆ. ಸವಕಳಿ 8,000 ಆಗಲೇ ಹಾಕಿದ್ದಾರೆ, ಕಂತಿನ ಅಸಲು ಅದೇ ಗಾಣದ್ದು. ಬಡ್ಡಿ ಖರ್ಚು ಹೌದು, ಆದರೆ ಅದು ಸಾಲ ಮಾಡಿದ್ದರಿಂದ ಬಂದದ್ದು, ಗಾಣ ಓಡಿಸಿದ್ದರಿಂದ ಅಲ್ಲ. ಅದನ್ನು ಇದರ ಕೆಳಗೆ ಬೇರೆಯಾಗಿ ಕಳೆಯಬೇಕು. ಆದರೆ ಸಂತೆಯವರ ಮಾತಿನಲ್ಲಿ ಒಂದು ಸತ್ಯ ಇದೆ. ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ಇರುತ್ತಾ ಅಂತ ತಿಳಿಯಬೇಕಾದರೆ ಸವಕಳಿ ತೆಗೆದು ಪೂರ್ತಿ ಕಂತು ಹಾಕಬೇಕು. ಕಂತು ಎಷ್ಟು?

ಗಾಣದಮನೆ_ತುಮಕೂರು

15,000.

ಲೆಕ್ಕದ_ಮೇಷ್ಟ್ರು

ಹಾಗಾದರೆ 90,000ದಲ್ಲಿ 8,000 ತೆಗೆದು 15,000 ಹಾಕಿ, 97,000. 120ರಿಂದ ಭಾಗಿಸಿದರೆ 808 ಲೀಟರ್ ಚಿಲ್ಲರೆ. ಪುಸ್ತಕದ ಲಾಭ 750ರಿಂದ ಶುರು, ಕೈಗೆ ದುಡ್ಡು ಸಿಗೋದು 809ರಿಂದ. ನಡುವಿನ ಆ ಐವತ್ತೆಂಟು ಲೀಟರಿನ ಜಾಗದಲ್ಲೇ ಲಾಭ ಇದೆ ಅಂತಾರೆ, ದುಡ್ಡು ಎಲ್ಲಿ ಅಂತ ಮನೆಯಲ್ಲಿ ಜಗಳ ಆಗೋದು. ಮೇ ತಿಂಗಳಲ್ಲಿ ನಿಮ್ಮ ಕೈಯಲ್ಲಿ ಉಳಿದದ್ದು 8,600 ಇರಬೇಕು, ನೋಡಿ.

ಹೋಳಿಗೆ ಅಕ್ಕ ಕೇಳಿದ್ದು ನಾನು ಕೇಳಬೇಕಿತ್ತು. ಇಬ್ಬರಿಗೂ ಸೇರಿ ತಿಂಗಳಿಗೆ 20,000 ಅಂತ ಇಟ್ಟರೂ ಸಾಕು, 90,000 ಹೋಗಿ 1,10,000. ಆಗ 917 ಲೀಟರ್ ಬೇಕು. ಮೇ ತಿಂಗಳು ಆ ಲೆಕ್ಕದಲ್ಲಿ ನಷ್ಟದ ತಿಂಗಳು.

ಸಂತೆ_ವ್ಯಾಪಾರಿ

ಇದನ್ನು ನಾನು ಒಪ್ಪಲ್ಲ. ಮಾಲೀಕನಿಗೆ ಸಂಬಳ ಅಂತ ಯಾರು ಬರೀತಾರೆ? ಸಂಬಳ ಕಮ್ಮಿಯಾದರೆ ಕೆಲಸದವನು ಬಿಟ್ಟು ಹೋಗ್ತಾನೆ, ಮಾಲೀಕ ಹೋಗಲ್ಲ. ಕೆಟ್ಟ ತಿಂಗಳು ನಾವು ಕಮ್ಮಿ ತಗೊಂಡು ಅಂಗಡಿ ಉಳಿಸ್ತೀವಿ. ಅದು ಸ್ಥಿರ ಖರ್ಚು ಹೇಗಾಗುತ್ತೆ?

ಹೋಳಿಗೆ_ಅಕ್ಕ

ಮಕ್ಕಳ ಸ್ಕೂಲ್ ಫೀಸು ಕೆಟ್ಟ ತಿಂಗಳು ಅಂತ ಕಮ್ಮಿ ಆಗಲ್ಲ ಅಣ್ಣಾ.

ಚಳ್ಳಕೆರೆ_ಹುಡುಗ

ಇದನ್ನು ಓದ್ತಾ ನಮ್ಮೂರು ನೆನಪಾಯಿತು. ಚಳ್ಳಕೆರೆಗೆ ಎಣ್ಣೆ ನಗರ ಅಂತಲೇ ಹೆಸರು. ನಮ್ಮ ತಂದೆ ಒಂದು ಎಣ್ಣೆ ಮಿಲ್ಲಿನಲ್ಲಿ ಹಮಾಲಿ ಮಾಡ್ತಿದ್ದರು. ಶೇಂಗಾ ಬೆಳೆ ಚೆನ್ನಾಗಿ ಬಂದ ವರ್ಷ ಮಿಲ್ಲು ಹಗಲು ರಾತ್ರಿ ಓಡ್ತಿತ್ತು, ಓಣಿ ತುಂಬಾ ಹಿಂಡಿ ವಾಸನೆ. ಆ ವರ್ಷ ಸಾಹುಕಾರರು ಎಲ್ಲರಿಗೂ ಬಟ್ಟೆ ಕೊಡಿಸ್ತಿದ್ದರು. ಮಳೆ ಕೈಕೊಟ್ಟ ವರ್ಷ ಕಾಯಿ ಅರ್ಧವೂ ಬರ್ತಿರಲಿಲ್ಲ, ಮಿಲ್ಲು ಮಾತ್ರ ಅಷ್ಟೇ ದೊಡ್ಡದು. 90ರ ದಶಕದಲ್ಲಿ ತಾಳೆ ಎಣ್ಣೆ ಆಮದು ಸಡಿಲ ಆದ ಮೇಲೆ ಬೆಲೆಯೂ ಕೈಯಲ್ಲಿ ಉಳಿಯಲಿಲ್ಲ. ಒಂದೊಂದೇ ಮಿಲ್ಲು ಬಾಗಿಲು ಹಾಕಿತು. ನಮ್ಮ ತಂದೆ ದೊಡ್ಡವರೇ ಉಳಿಯಲಿಲ್ಲವಲ್ಲ ಅಂತಿದ್ದರು. ದೊಡ್ಡದಾಗಿದ್ದದ್ದೇ ತೊಂದರೆಯಾಗಿತ್ತಾ ಅಂತ ಈಗ ಅನ್ನಿಸ್ತಿದೆ.

ಲೆಕ್ಕದ_ಮೇಷ್ಟ್ರು

ಅರ್ಧ ಅದು, ಇನ್ನರ್ಧ ಬೆಲೆ. ನೀವು ಬೆಲೆ ಅಂದಿದ್ದು ಒಳ್ಳೆಯದಾಯಿತು, ಈಗ ಸಂತೆಯವರ 20 ರೂಪಾಯಿಗೆ ಬರ್ತೀನಿ.

ಇಲ್ಲಿವರೆಗೆ ಹೇಳಿದ್ದೆಲ್ಲಾ ಲೀಟರ್ ಹೆಚ್ಚು ಕಮ್ಮಿಯಾದಾಗ. ಬೆಲೆ ಅಲುಗಿದರೆ ಆ ನಾಲ್ಕು ಪಟ್ಟು ಕೆಲಸಕ್ಕೆ ಬರಲ್ಲ. 400ನ್ನು 380 ಮಾಡಿದರೆ ಇಳಿದದ್ದು ಶೇ. 5 ಅಷ್ಟೇ, ಆದರೆ ಬೀಜದವನು ತನ್ನ ಬೆಲೆ ಇಳಿಸಲ್ಲ. ಇಪ್ಪತ್ತೂ ನಿಮ್ಮ 120ರಿಂದಲೇ ಹೋಗುತ್ತೆ, ಲೀಟರಿಗೆ 100 ಉಳಿಯುತ್ತೆ. ನಷ್ಟದ ಅಂಚು 750ರಿಂದ 900ಕ್ಕೆ ಹಾರಿತು. 880 ಲೀಟರ್ ಮಾರುವವರು ಅವತ್ತೇ ನಷ್ಟಕ್ಕೆ ಬಿದ್ದರು. ಮಾರ್ಚ್‌ನ 30,000 ವಾಪಸ್ ಬರಬೇಕಾದರೆ 1200 ಲೀಟರ್ ಮಾರಬೇಕು. ಗಾಣದ ಎಣ್ಣೆ ಕೊಳ್ಳುವವರು 20 ರೂಪಾಯಿಗೆ ಹಾಗೆ ಹೆಚ್ಚಾಗ್ತಾರಾ? 400 ಕೊಡುವವರು ಬೆಲೆ ನೋಡಿ ಬರುವವರಲ್ಲ ಅಂತ ನನ್ನ ಅನಿಸಿಕೆ.

ಬೀಜದ ಕಡೆಯೂ ಹೀಗೇ. ಕೆಜಿಗೆ 125 ಇದ್ದದ್ದು 130 ಆದರೆ ಲೀಟರಿಗೆ 12 ರೂಪಾಯಿ ಹೋಯಿತು, ಅಂಚು 833ಕ್ಕೆ ಬಂತು. 880ರಲ್ಲಿ ನಿಮಗೆ ಉಳಿಯೋದು ಐದು ಸಾವಿರ ಚಿಲ್ಲರೆ. ಕೆಜಿಗೆ ಐದೇ ರೂಪಾಯಿ! ಹಾಗಾಗಿ 750 ಅಂತ ಗೋಡೆ ಮೇಲೆ ಬರೆದು ಮರೆಯಬೇಡಿ. ಪ್ರತಿ ಸಲ ಬೀಜ ತಂದ ದಿನ ಆ ಸಂಖ್ಯೆ ಹೊಸದಾಗಿ ಬರೆಯಬೇಕು. ತಿಂಗಳ ಹದಿನೈದನೇ ತಾರೀಖು ಅಷ್ಟರ ಅರ್ಧ ಲೀಟರ್ ಹೋಗಿದೆಯಾ ನೋಡಿ. ತಿಂಗಳ ಕೊನೆಗೆ ಲಾಭ ನೋಡಿ ಗಾಬರಿಯಾಗುವುದಕ್ಕಿಂತ ಹದಿನೈದು ದಿನ ಮೊದಲೇ ಗೊತ್ತಾಗುತ್ತೆ.

ಶೇರುಪೇಟೆ_ಮೈಸೂರು

ಹಾಗಾದರೆ ಸ್ಥಿರ ಖರ್ಚು ಕಮ್ಮಿ ಮಾಡೋದೇ ದಾರಿ ಅಲ್ವಾ ಸಾರ್? ಹುಡುಗರಿಗೆ ತಿಂಗಳ ಸಂಬಳದ ಬದಲು ಲೀಟರಿಗೆ ಇಷ್ಟು ಅಂತ ಕೊಟ್ಟರೆ 36,000 ಹಾಗೇ ಇಳಿಯುತ್ತೆ.

ಲೆಕ್ಕದ_ಮೇಷ್ಟ್ರು

ಲೆಕ್ಕದಲ್ಲಿ ಇಳಿಯುತ್ತೆ. ಆದರೆ ಏರಿಳಿತ ಎಲ್ಲೂ ಮಾಯವಾಗಲ್ಲ, ನಿಮ್ಮ ತಲೆಯಿಂದ ಅವರ ತಲೆಗೆ ಹೋಗುತ್ತೆ. ತಿಂಗಳಿಗೆ 18,000 ತಗೊಳ್ಳುವವನು ಅದನ್ನು ತಡೆಯಲಾರ. ಅವನು ಹೋದರೆ ಹೊಸಬನಿಗೆ ಒನಕೆಯ ಒತ್ತಡ ಕಲಿಸುವವರೆಗೆ 2.4 ಕೆಜಿ 2.6 ಆಗುತ್ತೆ. ಕೆಜಿಗೆ ಐದು ರೂಪಾಯಿ ಏರಿದ್ದಕ್ಕಿಂತ ಅದು ಹೆಚ್ಚು ನಷ್ಟ.

ನಾನು ಬೇರೆ ಕಡೆ ನೋಡ್ತೀನಿ. ಎರಡು ಗಾಣ ದಿನಕ್ಕೆ ಎಷ್ಟು ಹೊತ್ತು ಖಾಲಿ ನಿಲ್ಲುತ್ತೆ?

ಗಾಣದಮನೆ_ತುಮಕೂರು

ಮಧ್ಯಾಹ್ನದ ಮೇಲೆ ಒಂದು ಗಾಣ ಪೂರ್ತಿ ಖಾಲಿ. ಇನ್ನೊಂದೂ ನಾಲ್ಕು ಗಂಟೆಗೆ ನಿಲ್ಲುತ್ತೆ.

ಲೆಕ್ಕದ_ಮೇಷ್ಟ್ರು

ಬಾಡಿಗೆ, ಸಂಬಳ ಕೊಟ್ಟಾಗಿದೆ. ರೈತರು ತಮ್ಮ ಬೀಜ ತಾವೇ ತಂದು ಆಡಿಸಿಕೊಂಡು ಹೋಗಲಿ, ನೀವು ಹಿಂದೆ ಕೊಡುತ್ತಿದ್ದ ಅದೇ 25 ರೂಪಾಯಿ ತಗೊಳ್ಳಿ. ಕರೆಂಟು, ಬಟ್ಟೆ ಕೆಜಿಗೆ ನಾಲ್ಕು ರೂಪಾಯಿ ಹೋಗುತ್ತೆ, 21 ಉಳಿಯುತ್ತೆ. ತಿಂಗಳಿಗೆ 1000 ಕೆಜಿ ಬಂದರೆ 21,000. ಆಗ ನಿಮ್ಮ ಎಣ್ಣೆ ತುಂಬಬೇಕಾದದ್ದು 69,000 ಮಾತ್ರ, ಅಂಚು 575 ಲೀಟರಿಗೆ ಇಳಿಯುತ್ತೆ. ಬೀಜದ ಬೆಲೆ ಏರಿದರೂ ಆ 21 ಅಲುಗಲ್ಲ, ಬೀಜ ನಿಮ್ಮದಲ್ಲವಲ್ಲ. ಆದರೆ ಅಷ್ಟು ಬರುತ್ತಾ ಅನ್ನೋದು ನಿಮ್ಮ ಊರಿನ ಮೇಲೆ. ಅದಕ್ಕಾಗಿ ಮೂರನೇ ಹುಡುಗನನ್ನು ಇಟ್ಟುಕೊಂಡರೆ 18,000 ಮತ್ತೆ ಮೇಲೇರಿತು, ಎಲ್ಲಾ ಹಾಗೇ.

ಗಾಣದಮನೆ_ತುಮಕೂರು

ಎರಡು ವಾರ ಆಯಿತು, ಬರೆಯೋಣ ಅಂತ ಬಂದೆ. ಅಂಗಡಿ ಮುಂದೆ ಬೋರ್ಡು ಹಾಕಿದೆ, 380 ಕೆಜಿ ಬಂತು. ಇಬ್ಬರೇ ನಿಭಾಯಿಸಿದರು, ಹುಡುಗ ಸಂಜೆ ಆರರವರೆಗೆ ನಿಂತ, ಅದಕ್ಕೆ ಬೇರೆ ಕೊಟ್ಟೆ. ಹನ್ನೆರಡು ತಿಂಗಳ ಲೀಟರೂ ಬರೆದೆ ಮೇಷ್ಟ್ರೇ. 1000ದ ಮೇಲೆ ಐದು ತಿಂಗಳು, ಕೆಳಗೆ ಏಳು. ಬಾಡಿಗೆ ಕರಾರು ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತೆ, ಮುಂದುವರಿಸೋದಾ ಸಣ್ಣ ಜಾಗಕ್ಕೆ ಹೋಗೋದಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಹೆಂಡತಿ ಹೋಳಿಗೆ ಅಕ್ಕನ ಪಕ್ಷ, 917 ಅಂತ ಕ್ಯಾಲೆಂಡರ್ ಮೇಲೆ ಬರೆದಿದ್ದಾಳೆ.

ಚಳ್ಳಕೆರೆ_ಹುಡುಗ

ಅಣ್ಣಾ ಒಂದು ಎಚ್ಚರ. ರೈತರು ಹುಚ್ಚೆಳ್ಳು ತಂದರೆ ಕಡಲೆಕಾಯಿ ಆಡಿಸುವ ಗಾಣಕ್ಕೆ ಹಾಕಬೇಡಿ, ಮರ ವಾಸನೆ ಹಿಡಿಯುತ್ತೆ. ಮುಂದಿನ ಒಬ್ಬೆಯ ಎಣ್ಣೆ ನಿಮ್ಮ ಗಿರಾಕಿಗೆ ಕೊಡೋಕೆ ಆಗಲ್ಲ. ಒಂದು ಗಾಣ ಅದಕ್ಕೇ ಬೇರೆ ಇಡಿ. ಇಲ್ಲಾಂದರೆ ತೊಳೆಯೋಕೆ ಹಾಕುವ ಹಿಂಡಿ, ಹಾಳಾದ ಮೊದಲ ಎಣ್ಣೆ ಎರಡನ್ನೂ ಆ 21ರಿಂದ ಕಳೆದು ನೋಡಿ, ಎಷ್ಟು ಉಳಿಯುತ್ತೆ ಅಂತ.